ಆಕ್ಷೇಪ ಬಂದ ಜಾಗ, ಅಡಚಣೆ ಇರುವ ಜಾಗ: ತಾಲೀಮಿನ ಪ್ರತಿಕ್ರಿಯೆಯಿಂದ ಪ್ರಬಂಧದ ರಚನೆಯನ್ನು ಬದಲಿಸುವ ಬಗೆ

(ಸ್ನಾತಕೋತ್ತರ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯ ಪ್ರಶ್ನೋತ್ತರವನ್ನು ಸಂಕ್ಷೇಪಿಸಲಾಗಿದೆ.)

ನಾನು ನೀಲಗಿರಿಯ ನಂಜನಾಡಿನಿಂದ ಮಾತಾಡ್ತಾ ಇದ್ದೀನಿ. ನಡುವೆ ಧ್ವನಿ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನನ್ನ ವಿಷಯ ಚಿಕ್ಕದು. ಗೋಷ್ಠಿಗೆ ಮುಂಚೆ ನಾವೆಲ್ಲ ಗೆಳೆಯರ ಎದುರು ಒಂದು ಸಲ ಪ್ರಬಂಧ ಓದಿ ನೋಡ್ತೀವಿ. ಕೆಲವರು ಇದನ್ನು ಡ್ರೈ ರನ್ ಅಂತಾರೆ, ನಾಟಕದವರ ಮಾತಿನಲ್ಲಿ ತಾಲೀಮು. ಕೇಳಿದವರು ಏನೋ ಹೇಳ್ತಾರೆ, ನಾವು ಬರ್ಕೋತೀವಿ. ಆಮೇಲೆ ಮನೆಗೆ ಹೋಗಿ ಒಂದೊಂದೇ ಮಾತಿಗೆ ಒಂದೊಂದು ತಿದ್ದುಪಡಿ ಮಾಡ್ತೀವಿ: ಇಲ್ಲಿ ಒಂದು ಪದ ಬದಲು, ಅಲ್ಲಿ ಒಂದು ಸಾಲು ಜಾಸ್ತಿ, ಒಂದೆರಡು ಕಡೆ ಅಲ್ಪಪ್ರಾಣ ಮಹಾಪ್ರಾಣ ಸರಿಪಡಿಸೋದು. ಪಟ್ಟಿಯಲ್ಲಿದ್ದ ಎಲ್ಲದಕ್ಕೂ ಗುರುತು ಹಾಕಿ ಆಗಿರುತ್ತೆ. ಆದರೆ ಗೋಷ್ಠಿಯ ದಿನ ಅದೇ ಗೊಂದಲ, ಅದೇ ಅವಸರ.

ಇದು ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ನನ್ನ ಉತ್ತರ ಒಂದೇ. ಕೇಳುಗರು ತಮಗೆ ತೊಡಕು ಎಲ್ಲಿ ಅನುಭವಕ್ಕೆ ಬಂತೋ ಆ ಜಾಗವನ್ನು ತೋರಿಸ್ತಾರೆ. ಆ ತೊಡಕಿಗೆ ಕಾರಣ ಬಹಳ ಸಲ ಅದಕ್ಕಿಂತ ಎಷ್ಟೋ ನಿಮಿಷ ಹಿಂದೆ ಇರುತ್ತೆ. ತೋರಿಸಿದ ಜಾಗದಲ್ಲೇ ತಿದ್ದೋದು ಅಂದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಾಗಾಗಿ ಪ್ರತಿಕ್ರಿಯೆಯನ್ನು ನೇರವಾಗಿ ತಿದ್ದುಪಡಿ ಮಾಡಬಾರದು. ಮೊದಲು ಅದನ್ನು ಕೇಳುಗರ ಪ್ರಶ್ನೆಯಾಗಿ ಬಿಡಿಸಿ ಬರೀಬೇಕು, ಆಮೇಲೆ ಪ್ರಬಂಧದ ಯಾವ ಭಾಗ ಆ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು ಅಂತ ಹುಡುಕಬೇಕು. ಇದನ್ನು ಒಂದೇ ಒಂದು ಪ್ರಬಂಧದ ಮೂಲಕ ವಿವರಿಸ್ತೀನಿ.

1. ಪ್ರಬಂಧ ಮತ್ತು ಮೊದಲ ತಾಲೀಮು

ಪ್ರಬಂಧ ನನ್ನದಲ್ಲ, ನಮ್ಮ ಓದುಗುಂಪಿನ ಗೆಳತಿಯೊಬ್ಬಳದು. ಅವಳ ಒಪ್ಪಿಗೆ ಪಡೆದು ಇಲ್ಲಿ ಬಳಸಿಕೊಳ್ತಿದ್ದೀನಿ. ಶೀರ್ಷಿಕೆ ‘ಬಡಗ: ಕನ್ನಡದ ಉಪಭಾಷೆಯೇ?’ ಅಂತ ಇತ್ತು. ಅವಳು ಬಯಲುಸೀಮೆಯವಳು. ನಾನು ಬಡಗ ಮನೆಯವನು, ನಂಜನಾಡು ಹಟ್ಟಿಯವನು. ತಾಲೀಮಿನಲ್ಲಿ ಕೇಳುಗರಾಗಿ ಐದು ಜನ ಇದ್ದೆವು. ಟಿಪ್ಪಣಿ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು.

ಗೋಷ್ಠಿಯಲ್ಲಿ ಕೊಟ್ಟಿದ್ದ ಸಮಯ 20 ನಿಮಿಷ, ತಾಲೀಮಿನಲ್ಲಿ ಆದದ್ದು 23. ಹಂಚಿಕೆ ಹೀಗಿತ್ತು: ನೀಲಗಿರಿಯ ಪರಿಚಯ 4 ನಿಮಿಷ, ಬಡಗರು ಮೈಸೂರು ಕಡೆಯಿಂದ ಬೆಟ್ಟ ಹತ್ತಿದ ಕಥನ 5, ಹಿಂದಿನ ವಿದ್ವಾಂಸರ ಅಧ್ಯಯನ 7, ಕನ್ನಡ ಮತ್ತು ಬಡಗ ಪದಗಳ ಹೋಲಿಕೆ 5, ಮುಕ್ತಾಯ 2. ನಮ್ಮ ವಿಭಾಗಗಳಲ್ಲಿ ಪ್ರಬಂಧ ಬರೆಯುವ ರೂಢಿಗೆ ಇದು ಸರಿಯಾಗೇ ಇದೆ. ಮೊದಲು ಪೀಠಿಕೆ, ಹಿನ್ನೆಲೆ, ಪೂರ್ವಾಧ್ಯಯನ. ಎಲ್ಲ ಮುಗಿದ ಮೇಲೆ ವಸ್ತು.

ಬಂದ ಪ್ರತಿಕ್ರಿಯೆಗಳನ್ನು ಹೇಳಿದವರ ಮಾತಿನಲ್ಲೇ, ಅವು ಯಾವ ನಿಮಿಷಕ್ಕೆ ಸೇರಿದವು ಅನ್ನೋದರ ಜೊತೆ ಬರೆದುಕೊಂಡೆ. ಏಳು ಮಾತುಗಳಿದ್ದವು.

ಒಂದು, 3ನೇ ನಿಮಿಷ: “ನಕ್ಷೆಯಲ್ಲಿ ಊರಿನ ಹೆಸರು ಕಾಣಲ್ಲ.”
ಎರಡು, 8ನೇ ನಿಮಿಷ: “ಕತೆ ಚೆನ್ನಾಗಿದೆ, ಸ್ವಲ್ಪ ಮೊಟಕು ಮಾಡು.”
ಮೂರು, 12ನೇ ನಿಮಿಷ: “ಹೆಸರು, ಇಸವಿ ಜಾಸ್ತಿ ಆಯ್ತು. ನಿಧಾನ ಹೇಳು.”
ನಾಲ್ಕು, 17ನೇ ನಿಮಿಷ: “ಉಪಭಾಷೆ ಅಂದ್ರೇನು ಅಂತ ಒಂದು ಸಾಲು ಸೇರಿಸು.”
ಐದು, 18ನೇ ನಿಮಿಷ: “ಪದಗಳ ಪಟ್ಟಿ ಚೆನ್ನಾಗಿತ್ತು, ಆದ್ರೆ ಬೇಗ ಹೋಗಿಬಿಡ್ತು.”
ಆರು, 22ನೇ ನಿಮಿಷ: “‘ಕನ್ನಡದ್ದೇ ಒಂದು ರೂಪ’ ಅನ್ನೋ ಮಾತು ಕಿರಿಕಿರಿ ಆಯ್ತು.” ಇದು ನಾನು ಹೇಳಿದ್ದು.
ಏಳು, ಕೊನೆಯಲ್ಲಿ: “ಮುಕ್ತಾಯ ಅವಸರ ಆಯ್ತು.”

ಇದರ ಜೊತೆ ಇನ್ನೊಂದು ಕೆಲಸ ಮಾಡಿದ್ದೆವು. ಚರ್ಚೆ ಶುರುವಾಗೋ ಮೊದಲು ಐದೂ ಜನ ‘ಈ ಪ್ರಬಂಧ ಏನು ಹೇಳುತ್ತೆ’ ಅಂತ ಒಂದೊಂದು ವಾಕ್ಯ ಚೀಟಿಯಲ್ಲಿ ಬರೆದೆವು. ಐದು ಚೀಟಿಯಲ್ಲಿ ನಾಲ್ಕು ಬೇರೆ ಬೇರೆ ಉತ್ತರ ಇದ್ದವು. ಒಬ್ಬರು ‘ಬಡಗರ ವಲಸೆಯ ಇತಿಹಾಸ’ ಅಂತ ಬರೆದಿದ್ದರು. ಬಾಯಲ್ಲಿ ಹೇಳಿದ ಏಳು ಮಾತುಗಳು ಎಷ್ಟು ಸೌಮ್ಯವಾಗಿದ್ದವು, ಚೀಟಿಗಳು ಏನು ತೋರಿಸಿದವು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎದುರಿಗೆ ಕೂತ ಗೆಳತಿಗೆ ‘ನೀನು ಏನು ಹೇಳ್ತಿದ್ದೀಯ ಅಂತ ಗೊತ್ತಾಗಲಿಲ್ಲ’ ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ‘ಒಂದು ಸಾಲು ಸೇರಿಸು’ ಅನ್ನೋದು ಸುಲಭ. ಅದಕ್ಕೇ ಚೀಟಿ ಬೇಕು, ಅದೂ ಚರ್ಚೆಗೆ ಮೊದಲೇ. ಚರ್ಚೆಯಾದ ಮೇಲೆ ಬರೆಸಿದರೆ ಎಲ್ಲರದೂ ಒಂದೇ ಉತ್ತರ ಆಗಿಬಿಡುತ್ತೆ.

2. ಮಾತಿಗೆ ಮಾತು ತಿದ್ದಿದರೆ ಏನಾಗುತ್ತೆ

ಈ ಏಳಕ್ಕೂ ಇದ್ದಲ್ಲೇ ತಿದ್ದುಪಡಿ ಸಾಧ್ಯ. ನಕ್ಷೆಯ ಅಕ್ಷರ ದೊಡ್ಡದು ಮಾಡಬಹುದು. ಕತೆಯಿಂದ ಅರ್ಧ ನಿಮಿಷ ತೆಗೆಯಬಹುದು. ಹೆಸರು ಇರುವಲ್ಲಿ ನಿಧಾನ ಓದಬಹುದು. ಉಪಭಾಷೆಗೆ ಒಂದು ವ್ಯಾಖ್ಯೆ ಸೇರಿಸಬಹುದು. ಪಟ್ಟಿಯ ಸ್ಲೈಡನ್ನು ಇನ್ನೊಂದು ನಿಮಿಷ ನಿಲ್ಲಿಸಬಹುದು. ‘ಕನ್ನಡದ್ದೇ ಒಂದು ರೂಪ’ ಅನ್ನೋದನ್ನು ‘ಕನ್ನಡದ ಸೋದರ ರೂಪ’ ಅಂತ ಮಾಡಬಹುದು. ಕೊನೆಗೆ ಎರಡು ಸಾಲು ಬೆಳೆಸಬಹುದು.

ಒಂದು ಗಂಟೆಯ ಕೆಲಸ. ಆದರೆ ಲೆಕ್ಕ ಹಾಕಿ ನೋಡಿ. ಏಳರಲ್ಲಿ ನಾಲ್ಕು ತಿದ್ದುಪಡಿಗಳು ಸಮಯವನ್ನು ಹೆಚ್ಚಿಸುತ್ತವೆ, ಒಂದು ಮಾತ್ರ ಕಡಿಮೆ ಮಾಡುತ್ತೆ. 23 ನಿಮಿಷದ ಪ್ರಬಂಧ 25ರ ಹತ್ತಿರ ಹೋಗುತ್ತೆ. ಗೋಷ್ಠಿಯಲ್ಲಿ ಅಧ್ಯಕ್ಷರು 18ನೇ ನಿಮಿಷಕ್ಕೆ ಚೀಟಿ ಕಳಿಸ್ತಾರೆ. ಆಗ ಅವಸರದಲ್ಲಿ ಹಾರಿಸೋದು ಪದಗಳ ಪಟ್ಟಿ ಮತ್ತು ಮುಕ್ತಾಯವನ್ನೇ, ಅಂದ್ರೆ ಪ್ರಬಂಧದಲ್ಲಿ ನಿಜವಾಗಿ ಅವಳದು ಅನ್ನುವ ಭಾಗವನ್ನೇ. ಹೀಗೆ ಐದನೇ ಮತ್ತು ಏಳನೇ ಆಕ್ಷೇಪಗಳು ತಿದ್ದುಪಡಿಯಿಂದಲೇ ಇನ್ನೂ ಬಲವಾಗುತ್ತವೆ. ಪದಮಟ್ಟದ ತಿದ್ದುಪಡಿ ಸಾಲದು ಅನ್ನೋದಕ್ಕೆ ಇದು ಮೊದಲ ಗುರುತು: ಒಂದು ಆಕ್ಷೇಪಕ್ಕೆ ಕೊಟ್ಟ ಪರಿಹಾರ ಇನ್ನೊಂದು ಆಕ್ಷೇಪವನ್ನು ಬೆಳೆಸುತ್ತಿದ್ದರೆ, ಎರಡಕ್ಕೂ ಬೇರು ಒಂದೇ ಕಡೆ ಇದೆ.

3. ಆಕ್ಷೇಪವನ್ನು ಪ್ರಶ್ನೆಯಾಗಿ ಬಿಡಿಸುವುದು

ಹಾಗಾದ್ರೆ ಏನು ಮಾಡಬೇಕು? ಪ್ರತಿಯೊಂದು ಮಾತಿನ ಮುಂದೆ ‘ಆ ನಿಮಿಷದಲ್ಲಿ ಕೇಳುಗರ ತಲೆಯಲ್ಲಿ ಯಾವ ಪ್ರಶ್ನೆ ಇತ್ತು’ ಅಂತ ಬರೀಬೇಕು. ಆದರೆ ಊಹೆ ಮಾಡಿ ಬರೆಯೋ ಹಾಗಿಲ್ಲ, ಹೇಳಿದವರನ್ನೇ ಕೇಳಬೇಕು. ‘ಹೇಗೆ ಸರಿಮಾಡಲಿ’ ಅಂತ ಕೇಳಬೇಡಿ. ‘ಆಗ ನಿನಗೆ ಏನು ತಿಳೀಬೇಕು ಅನ್ನಿಸ್ತು’ ಅಂತ ಕೇಳಿ. ಮೊದಲನೆಯದಕ್ಕೆ ಪದ ಸಿಗುತ್ತೆ, ಎರಡನೆಯದಕ್ಕೆ ಕಾರಣ ಸಿಗುತ್ತೆ.

ಕತೆ ಮೊಟಕು ಮಾಡು ಅಂದವನ ಉತ್ತರ: “ಇದು ಭಾಷೆಯ ಪ್ರಬಂಧ ಅಲ್ವಾ, ಕತೆ ಯಾಕೆ ಬಂತು ಅಂತ ಕಾಯ್ತಿದ್ದೆ.” ಹೆಸರು ಜಾಸ್ತಿ ಅಂದವಳ ಉತ್ತರ: “ಇವರಲ್ಲಿ ಯಾರು ಯಾವ ಪಕ್ಷ ಅಂತ ತಿಳೀಲಿಲ್ಲ.” ಉಪಭಾಷೆಗೆ ಒಂದು ಸಾಲು ಕೇಳಿದವರ ಉತ್ತರ: “ಏನಿದ್ರೆ ಉಪಭಾಷೆ, ಏನಿದ್ರೆ ಬೇರೆ ಭಾಷೆ ಅಂತ ಗೊತ್ತಿಲ್ದೆ ಪಟ್ಟಿ ನೋಡಿ ಏನು ಮಾಡ್ಲಿ?” ಪಟ್ಟಿ ಬೇಗ ಹೋಯ್ತು ಅಂದವರೂ ಇದೇ ಅರ್ಥದ ಮಾತು ಹೇಳಿದರು: ಯಾವ ಪದವನ್ನು ಯಾಕೆ ನೋಡಬೇಕು ಅನ್ನೋದು ಅವರಿಗೆ ಹೊಳೆಯೋ ಹೊತ್ತಿಗೆ ಸ್ಲೈಡ್ ಬದಲಾಗಿತ್ತು.

ಈಗ ನೋಡಿ: 8, 12, 17, 18ನೇ ನಿಮಿಷಗಳಲ್ಲಿ ಬಂದ ನಾಲ್ಕು ಬೇರೆ ಬೇರೆ ಮಾತುಗಳ ಹಿಂದೆ ಇದ್ದದ್ದು ಒಂದೇ ಪ್ರಶ್ನೆ. ‘ಇದನ್ನೆಲ್ಲ ಯಾವುದಕ್ಕೆ ಸಾಕ್ಷಿ ಅಂತ ಕೇಳಿಸಿಕೊಳ್ಳಲಿ?’ ಬೇರೆ ಬೇರೆ ನಿಮಿಷಗಳಲ್ಲಿ, ಬೇರೆ ಬೇರೆ ಜನ, ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿದರೆ ಅದು ರಚನೆಯ ದೋಷ. ನಕ್ಷೆಯ ಅಕ್ಷರ ಈ ಗುಂಪಿಗೆ ಸೇರಲ್ಲ, ಅದು ಅಷ್ಟೇ ಸಮಸ್ಯೆ. ಎಲ್ಲ ಪ್ರತಿಕ್ರಿಯೆಯಲ್ಲೂ ಆಳವಾದ ಕಾರಣ ಹುಡುಕೋ ಅಗತ್ಯ ಇಲ್ಲ.

ಒಂದು ಮಾತು ಪದದ್ದೋ ರಚನೆಯದ್ದೋ ಅಂತ ಅನುಮಾನ ಬಂದ್ರೆ ಒಂದು ಸುಲಭ ಪರೀಕ್ಷೆ ಇದೆ. ಆಕ್ಷೇಪ ಬಂದ ವಾಕ್ಯವನ್ನು ಅಥವಾ ಸ್ಲೈಡನ್ನು ಮಾತ್ರ, ಪ್ರಬಂಧ ಕೇಳದ ಇನ್ನೊಬ್ಬರಿಗೆ ತೋರಿಸಿ. ಅದೊಂದನ್ನೇ ನೋಡಿದಾಗಲೂ ಅರ್ಥ ಆಗದಿದ್ದರೆ ತೊಂದರೆ ಪದದಲ್ಲಿದೆ. ಒಂಟಿಯಾಗಿ ನೋಡಿದಾಗ ಸ್ಪಷ್ಟವಾಗಿದ್ದು, ಪ್ರಬಂಧದೊಳಗೆ ಮಾತ್ರ ಅಸ್ಪಷ್ಟ ಅನ್ನಿಸಿದರೆ ತೊಂದರೆ ಅದರ ಜಾಗದಲ್ಲಿದೆ. ಗೆಳತಿಯ ಪದಪಟ್ಟಿಯನ್ನು ಹೀಗೆ ತೋರಿಸಿದಾಗ ನೋಡಿದವರು ಅರ್ಧ ನಿಮಿಷದಲ್ಲಿ ಅದರ ತಿರುಳು ಹೇಳಿದರು. ಪಟ್ಟಿ ಚೆನ್ನಾಗೇ ಇತ್ತು. ಅದು ಹದಿನೇಳನೇ ನಿಮಿಷದಲ್ಲಿ ಬಂದದ್ದು ಸರಿಯಿರಲಿಲ್ಲ.

4. ಹಿಮ್ಮುಖ ರೂಪರೇಖೆ

ಮುಂದಿನ ಹೆಜ್ಜೆ ಪ್ರಬಂಧವನ್ನು ಬರೆದ ಮೇಲೆ ಅದರ ರೂಪರೇಖೆ ತೆಗೆಯೋದು. ಬರೆಯೋ ಮೊದಲು ಹಾಕಿಕೊಂಡ ರೂಪರೇಖೆ ನಾವು ಏನು ಮಾಡಬೇಕು ಅಂದುಕೊಂಡಿದ್ದೆವು ಅನ್ನೋದನ್ನು ಹೇಳುತ್ತೆ. ಇದು ಏನು ಮಾಡಿದ್ದೀವಿ ಅನ್ನೋದನ್ನು ಹೇಳುತ್ತೆ. ಎರಡೆರಡು ನಿಮಿಷದ ಮಾತಿಗೆ ಒಂದೊಂದು ವಾಕ್ಯ ಬರೀಬೇಕು. ‘ಹಿನ್ನೆಲೆ’, ‘ಪರಿಚಯ’ ಅನ್ನೋ ತಲೆಬರಹ ಬೇಡ. ಆ ಎರಡು ನಿಮಿಷ ಏನನ್ನು ಸಾಧಿಸುತ್ತೆ ಅಂತ ಪೂರ್ಣ ವಾಕ್ಯ ಬೇಕು. ವಾಕ್ಯ ಬರೆಯೋಕೆ ಆಗದ ಕಡೆ ಖಾಲಿ ಬಿಡಬೇಕು.

ಗೆಳತಿ ಹೀಗೆ ಬರೆದಾಗ ಮೊದಲ ನಾಲ್ಕು ನಿಮಿಷ ಖಾಲಿ ಉಳೀತು. ನೀಲಗಿರಿ ಎಷ್ಟು ಎತ್ತರ, ಮಳೆ ಎಷ್ಟು, ಯಾವ ಬೆಳೆ ಅನ್ನೋ ಮಾಹಿತಿ ಅವಳ ವಾದದ ಯಾವ ಭಾಗಕ್ಕೂ ಬೇಕಿರಲಿಲ್ಲ. ಪ್ರಶ್ನೆ ಶೀರ್ಷಿಕೆಯಲ್ಲಿತ್ತು, ಆದರೆ ಆ ಪ್ರಶ್ನೆಗೆ ಮೊದಲ ಸಾಕ್ಷಿ ಬಂದದ್ದು 16 ನಿಮಿಷ ಕಳೆದ ಮೇಲೆ. ಯಾವುದನ್ನು ಸಾಕ್ಷಿ ಅನ್ನಬಹುದು ಅನ್ನೋ ವಿವರಣೆ ಎಲ್ಲೂ ಇರಲಿಲ್ಲ.

ಈಗ ನಾಲ್ಕನೇ ಮಾತನ್ನು ಮತ್ತೆ ಓದಿ: “ಒಂದು ಸಾಲು ಸೇರಿಸು.” ಕೇಳುಗರು ‘ಸೇರಿಸು’ ಅಂದಾಗ ಎಚ್ಚರ ಬೇಕು. ಅವರಿಗೆ ಬೇಕಾದದ್ದು ಆಗಲೇ ಇದ್ದು, ತಪ್ಪು ಜಾಗದಲ್ಲಿರಬಹುದು. ಅಥವಾ ಒಂದು ಸಾಲಿನಲ್ಲಿ ಮುಗಿಯದ ಒಂದು ಇಡೀ ಭಾಗವೇ ಇಲ್ಲದಿರಬಹುದು. ಇಲ್ಲಿ ಆದದ್ದು ಎರಡನೆಯದು.

5. ಆರನೇ ಮಾತು: ವಾದವನ್ನೇ ಮುಟ್ಟುವ ಆಕ್ಷೇಪ

ನನ್ನ ಮಾತನ್ನು ಬೇರೆ ಇಟ್ಟು ನೋಡಬೇಕು. ಅದು ಜಾಗದ ಪ್ರಶ್ನೆ ಅಲ್ಲ. ನಮ್ಮ ಹಟ್ಟಿಗಳಲ್ಲಿ ಮಾತಾಡೋದನ್ನು ನಾವು ಬಡಗು ಅಂತೀವಿ, ಕನ್ನಡ ಅಂತ ಅನ್ನಲ್ಲ. ಭಾರತದ ಜನಗಣತಿ ಬಡಗವನ್ನು ಕನ್ನಡದ ಕೆಳಗೆ ಬರುವ ಮಾತೃಭಾಷೆ ಅಂತ ಪಟ್ಟಿ ಮಾಡುತ್ತೆ. 2011ರ ಲೆಕ್ಕದಲ್ಲಿ ಅದನ್ನು ಹೇಳಿಕೊಂಡವರು ಸುಮಾರು 1.3 ಲಕ್ಷ ಜನ. ಇನ್ನೊಂದು ಕಡೆ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ-ರಾಯ್ಚೂರ್ 1992ರಲ್ಲಿ ಬಡಗ-ಇಂಗ್ಲಿಷ್ ನಿಘಂಟನ್ನೇ ಪ್ರತ್ಯೇಕವಾಗಿ ತಂದರು. ಹೀಗಿರುವಾಗ ‘ಕನ್ನಡದ್ದೇ ಒಂದು ರೂಪ’ ಅನ್ನೋ ಮುಕ್ತಾಯ ಬಡಗ ಕೇಳುಗನಿಗೆ ತೀರ್ಪಿನ ಹಾಗೆ ಕೇಳಿಸುತ್ತೆ. ಗೋಷ್ಠಿಯಲ್ಲಿ ನಮ್ಮವರು ಇನ್ನೂ ನಾಲ್ಕು ಜನ ಇರ್ತಾರೆ ಅಂತ ಗೊತ್ತಿತ್ತು. ‘ಸೋದರ ರೂಪ’ ಅಂತ ಮೆತ್ತಗೆ ಮಾಡಿದರೆ ಕೇಳೋಕೆ ಹಿತ ಆಗುತ್ತೆ, ಆದರೆ ತೀರ್ಪು ತೀರ್ಪೇ.

ಇಂಥ ಆಕ್ಷೇಪಕ್ಕೆ ಕೇಳಬೇಕಾದ ಪ್ರಶ್ನೆ ಇದು: ‘ನನ್ನ ಸಾಕ್ಷಿಗಳು ನನ್ನ ಮುಕ್ತಾಯದಷ್ಟು ದೂರ ಹೋಗುತ್ತವಾ?’ ಗೆಳತಿಯ ಪಟ್ಟಿ ತೆಗೆದು ನೋಡೋಣ. ಅದರಲ್ಲಿ ಎರಡು ಬಗೆಯ ಪದಗಳು ಬೆರೆತಿದ್ದವು.

ಒಂದು ಬಗೆ: ತಮಿಳಿನ ಪಾಲ್, ಕನ್ನಡದ ಹಾಲು, ಬಡಗದ ಹಾಲು. ತಮಿಳಿನ ಪುಲಿ, ಕನ್ನಡದ ಹುಲಿ, ಬಡಗದ ಹುಲಿ. ತಮಿಳಿನ ಪಟ್ಟಿ, ನಮ್ಮ ಹಟ್ಟಿ. ಪದದ ಮೊದಲಲ್ಲಿದ್ದ ಪಕಾರ ಹಕಾರ ಆಗೋದು ಕನ್ನಡ ಹೊಸದಾಗಿ ಮಾಡಿಕೊಂಡ ಬದಲಾವಣೆ. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಕಾಣಿಸಿಕೊಂಡು ನಡುಗನ್ನಡದಲ್ಲಿ ವ್ಯಾಪಕವಾಯಿತು. ಇದು ಬಡಗದಲ್ಲೂ ಇದೆ ಅಂದ್ರೆ, ಆ ಬದಲಾವಣೆ ನಡೆಯುವಾಗ ಬಡಗವನ್ನಾಡುವವರ ಹಿರಿಯರು ಕನ್ನಡದ ವಲಯದೊಳಗೆ ಇದ್ದರು ಅನ್ನೋಕೆ ಒಳ್ಳೆಯ ಆಧಾರ.

ಇನ್ನೊಂದು ಬಗೆ: ಕನ್ನಡದ ಕಿವಿ, ಬಡಗದ ಕಿವಿ, ತಮಿಳಿನ ಚೆವಿ. ನೋಡೋಕೆ ಇದೂ ಅಷ್ಟೇ ಗಟ್ಟಿ ಸಾಕ್ಷಿ ಅನ್ನಿಸುತ್ತೆ. ಆದರೆ ಇಲ್ಲಿ ಬದಲಾಗಿದ್ದು ತಮಿಳು. ಕನ್ನಡ ಹಳೆಯ ಕಕಾರವನ್ನು ಸುಮ್ಮನೆ ಉಳಿಸಿಕೊಂಡಿದೆ. ಅದೇ ಬೆಟ್ಟದ ಕೋತ ಮತ್ತು ತೋಡ ಭಾಷೆಗಳೂ ಉಳಿಸಿಕೊಂಡಿವೆ, ಅವನ್ನು ಯಾರೂ ಕನ್ನಡದ ಉಪಭಾಷೆ ಅನ್ನಲ್ಲ. ಇಬ್ಬರ ಮನೆಯಲ್ಲೂ ಅಜ್ಜನ ಕಾಲದ ಪಾತ್ರೆ ಉಳಿದಿದೆ ಅಂದ ಮಾತ್ರಕ್ಕೆ ಇಬ್ಬರೂ ಇತ್ತೀಚಿನವರೆಗೆ ಒಂದೇ ಮನೆಯಲ್ಲಿದ್ದರು ಅಂತ ಆಗಲ್ಲ. ಒಟ್ಟಿಗೆ ಮಾಡಿಕೊಂಡ ಹೊಸತು ಮಾತ್ರ ಸಾಕ್ಷಿ, ಒಟ್ಟಿಗೆ ಉಳಿಸಿಕೊಂಡ ಹಳತು ಅಷ್ಟಾಗಿ ಅಲ್ಲ.

ಮೂರನೆಯ ಸಂಗತಿ ಪಟ್ಟಿಯಲ್ಲಿ ಇರಲೇ ಇಲ್ಲ, ಪೂರ್ವಾಧ್ಯಯನದ ಏಳು ನಿಮಿಷದಲ್ಲಿ ಹೂತುಹೋಗಿತ್ತು. ಎಂ. ಬಿ. ಎಮೆನೋ 1939ರಲ್ಲಿ ಬಡಗದ ಸ್ವರಗಳ ಬಗ್ಗೆ ಬರೆಯುತ್ತಾ, ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಮೂರ್ಧನ್ಯ ಸ್ವರಗಳನ್ನು ಗುರುತಿಸಿದ್ದರು. ಇವತ್ತು ಎಲ್ಲ ಹಟ್ಟಿಗಳಲ್ಲೂ ಆ ಭೇದ ಕೇಳಿಸಲ್ಲ. ಆದರೂ ಕನ್ನಡದಲ್ಲಿ ಇಲ್ಲದ್ದೊಂದು ಬಡಗದಲ್ಲಿ ಬೆಳೆದಿತ್ತು ಅನ್ನೋದಕ್ಕೆ ಇದು ಸಾಕ್ಷಿ. ‘ಕನ್ನಡದ್ದೇ ಒಂದು ರೂಪ’ ಅನ್ನೋ ಮಾತಿನ ಎದುರಿಗೆ ನಿಲ್ಲುವ ಸಾಕ್ಷಿಯನ್ನು ಪ್ರಬಂಧ ತಾನೇ ಹೊತ್ತುಕೊಂಡಿತ್ತು, ಆದರೆ ಅದನ್ನು ಒಬ್ಬ ವಿದ್ವಾಂಸರ ಹೆಸರಿನ ಕೆಳಗೆ ಇಟ್ಟಿತ್ತು.

ಹಾಗಾಗಿ ಕಿರಿಕಿರಿಗೆ ಪರಿಹಾರ ಪದದಲ್ಲಿ ಇರಲಿಲ್ಲ. ಪ್ರಶ್ನೆಯೇ ಬದಲಾಗಬೇಕಿತ್ತು. ‘ಉಪಭಾಷೆಯೇ, ಅಲ್ಲವೇ’ ಅನ್ನೋದಕ್ಕೆ ಧ್ವನಿಗಳ ಪಟ್ಟಿಯಿಂದ ಉತ್ತರ ಬರಲ್ಲ. ಅದರಲ್ಲಿ ಆಡುವವರ ಅಭಿಪ್ರಾಯ, ಆಡಳಿತ, ಲಿಪಿ, ಶಾಲೆ ಎಲ್ಲ ಸೇರಿದೆ. ‘ಬಡಗ ಮತ್ತು ಕನ್ನಡ ಎಲ್ಲಿಯವರೆಗೆ ಒಟ್ಟಿಗೆ ಬಂದವು, ಎಲ್ಲಿ ಬೇರೆಯಾದವು’ ಅನ್ನೋದಕ್ಕೆ ಪಟ್ಟಿಯಿಂದ ಉತ್ತರ ಬರುತ್ತೆ. ಗೆಳತಿ ಶೀರ್ಷಿಕೆಯನ್ನು ‘ಬಡಗ ಮತ್ತು ಕನ್ನಡ: ಒಟ್ಟಿಗೆ ಬಂದ ದಾರಿ, ಕವಲಾದ ದಾರಿ’ ಅಂತ ಬದಲಿಸಿದಳು. ನನಗೆ ಸಮಾಧಾನ ಆದದ್ದು ಮಾತು ಮೃದುವಾಯಿತು ಅಂತಲ್ಲ. ಅವಳಿಗೆ ಗೊತ್ತಿದ್ದಷ್ಟನ್ನೇ ಅವಳು ಹೇಳಿದಳು ಅಂತ.

6. ಹೊಸ ರಚನೆ

ಈಗ ಭಾಗಗಳನ್ನು ಮತ್ತೆ ಜೋಡಿಸಿದ್ದು ಹೀಗೆ. ಒಟ್ಟು 18 ನಿಮಿಷ, ಎರಡು ನಿಮಿಷ ಕೈಯಲ್ಲಿ.

ಮೊದಲ 2 ನಿಮಿಷ: ಪಾಲ್–ಹಾಲು, ಚೆವಿ–ಕಿವಿ ಅನ್ನುವ ಎರಡು ಜೋಡಿ ಮತ್ತು ಪ್ರಬಂಧದ ಪ್ರಶ್ನೆ. ಎರಡೂ ಒಂದೇ ಥರ ಕಾಣುತ್ತವೆ, ಸಾಕ್ಷಿಯಾಗಿ ಒಂದೇ ಅಲ್ಲ, ಯಾಕೆ?
ಮುಂದಿನ 3 ನಿಮಿಷ: ಹೊಸತು ಮತ್ತು ಹಳತಿನ ವ್ಯತ್ಯಾಸ. ‘ಒಂದು ಸಾಲು ಸೇರಿಸು’ ಅನ್ನೋ ಮಾತು ಬೆಳೆದು ಈ ಭಾಗ ಆಯಿತು.
6 ನಿಮಿಷ: ಪದಗಳ ಪಟ್ಟಿ, ಎರಡು ಗುಂಪಾಗಿ, ಆಮೇಲೆ ಮೂರ್ಧನ್ಯ ಸ್ವರಗಳು.
3 ನಿಮಿಷ: ಹಿಂದಿನ ಅಧ್ಯಯನಗಳು, ಕಾಲಾನುಕ್ರಮ ಬಿಟ್ಟು, ಯಾರು ಯಾವ ಸಾಕ್ಷಿಗೆ ಹೆಚ್ಚು ತೂಕ ಕೊಟ್ಟರು ಅನ್ನೋ ಆಧಾರದಲ್ಲಿ.
2 ನಿಮಿಷ: ವಲಸೆಯ ಕಥನ.
2 ನಿಮಿಷ: ಮುಕ್ತಾಯ.

ವಲಸೆಯ ಕಥನಕ್ಕೆ ಏನಾಯಿತು ಗಮನಿಸಿ. ‘ಮೊಟಕು ಮಾಡು’ ಅಂದದ್ದಕ್ಕೆ ಅದು ಐದರಿಂದ ಎರಡು ನಿಮಿಷಕ್ಕೆ ಇಳಿಯಿತು ನಿಜ. ಅದಕ್ಕಿಂತ ಮುಖ್ಯವಾಗಿ ಅದು ಪಟ್ಟಿಯ ಮುಂದಿನಿಂದ ಪಟ್ಟಿಯ ಹಿಂದಕ್ಕೆ ಹೋಯಿತು. ಮುಂದೆ ಇದ್ದಾಗ ಅದು ಬರೀ ಹಿನ್ನೆಲೆ. ಹಿಂದೆ ಬಂದಾಗ ಅದಕ್ಕೆ ಕೆಲಸ ಸಿಕ್ಕಿತು: ಧ್ವನಿಗಳು ಹೇಳಿದ ಕಾಲಕ್ಕೂ ಕಥನ ಹೇಳುವ ಕಾಲಕ್ಕೂ ಹೊಂದುತ್ತಾ ಅಂತ ನೋಡೋದು. ವಿಜಯನಗರದ ಪತನದ ನಂತರ ಮೈಸೂರು ಕಡೆಯಿಂದ ಬಂದವರು ಅನ್ನೋ ಮಾತಿದೆ. 1603ರಲ್ಲಿ ಬೆಟ್ಟ ಹತ್ತಿದ ಜೆಸೂಟ್ ಪಾದ್ರಿ ಫೆನೀಸಿಯೋ ಅಲ್ಲಿ ಬಡಗರನ್ನು ಕಂಡದ್ದಾಗಿ ಬರೆದಿದ್ದಾನೆ. ಹಾಲು, ಹುಲಿಯ ಹಕಾರ ಆ ವೇಳೆಗಾಗಲೇ ಕನ್ನಡದಲ್ಲಿ ನೆಲೆಯಾಗಿತ್ತು. ಮೂರೂ ಒಂದನ್ನೊಂದು ಬೀಳಿಸಲ್ಲ. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದು, ಕೇಳುಗ ಯಾಕೆ ಅಂತ ಕಾಯಬೇಕಿಲ್ಲ.

ಇನ್ನೊಂದು ವಿಷಯ. ಬೇರೊಬ್ಬ ಕೇಳುಗ ‘ಕತೆಯನ್ನು ಇನ್ನೂ ಬೆಳೆಸು’ ಅಂದಿದ್ದರೂ ಉತ್ತರ ಇದೇ ಆಗ್ತಿತ್ತು. ಒಬ್ಬರು ಬೆಳೆಸು, ಒಬ್ಬರು ಮೊಟಕು ಮಾಡು ಅಂದಾಗ ನಾವು ಸರಾಸರಿ ತೆಗೆದು ಸುಮ್ಮನಾಗ್ತೀವಿ. ಆದರೆ ವಿರುದ್ಧವಾದ ಎರಡು ಸಲಹೆ ಒಂದೇ ಜಾಗಕ್ಕೆ ಬಂದ್ರೆ, ಆ ಭಾಗದ ಕೆಲಸ ಏನು ಅಂತ ಇಬ್ಬರಿಗೂ ತಿಳಿದಿಲ್ಲ ಅಂತಲೇ ಅರ್ಥ ಮಾಡ್ಕೋಬೇಕು.

7. ಜಾಗ ಬದಲಿಸಿದಾಗ ಹೊಸದಾಗಿ ಮುರಿಯುವುದು

ರಚನೆ ಬದಲಿಸಿದರೆ ಹೊಸ ತೊಂದರೆ ಬರುತ್ತೆ. ‘ಮೇಲೆ ಹೇಳಿದಂತೆ’ ಅನ್ನೋ ಮಾತುಗಳು ಈಗ ಮೇಲೆ ಹೇಳದೇ ಇದ್ದದ್ದನ್ನು ತೋರಿಸುತ್ತವೆ. ಇಲ್ಲಿ ಕೋತ, ತೋಡ ಅನ್ನೋ ಹೆಸರು ನಾಲ್ಕನೇ ನಿಮಿಷದಲ್ಲೇ ಬರುತ್ತೆ, ಆದರೆ ಅವರು ಯಾರು ಅನ್ನೋ ಪರಿಚಯ ತೆಗೆದುಹಾಕಿದ ಮೊದಲ ಭಾಗದಲ್ಲಿತ್ತು. ಅದರಿಂದ ಆ ಭಾಗದ ಒಂದೇ ಒಂದು ವಾಕ್ಯ ಉಳಿಸಿಕೊಂಡು ಹೊಸ ಜಾಗಕ್ಕೆ ತರಬೇಕಾಯಿತು. ಭಾಗಗಳನ್ನು ಸರಿಸಿದ ಮೇಲೆ ಪ್ರತಿಯೊಂದು ಹೆಸರು, ಪ್ರತಿಯೊಂದು ಪಾರಿಭಾಷಿಕ ಪದ ಮೊದಲ ಸಲ ಎಲ್ಲಿ ಬರುತ್ತೆ ಅಂತ ಬೆರಳಿಟ್ಟು ನೋಡ್ಕೊಂಡು ಹೋಗಬೇಕು. ಪದಮಟ್ಟದ ತಿದ್ದುಪಡಿಗೆ ಸರಿಯಾದ ಹೊತ್ತು ಇದು. ಮೊದಲೇ ಮಾಡಿದರೆ, ನಾಳೆ ತೆಗೆದುಹಾಕುವ ವಾಕ್ಯಕ್ಕೆ ಇವತ್ತು ಒಪ್ಪ ಹಾಕಿದ ಹಾಗೆ ಆಗುತ್ತೆ.

ಆಮೇಲೆ ಎರಡನೇ ತಾಲೀಮು. ಇದಕ್ಕೆ ಮೊದಲ ಸಲ ಕೇಳಿದವರು ಬೇಡ. ಅವರಿಗೆ ವಾದ ಗೊತ್ತಿದೆ, ಬಿಟ್ಟ ಕೊಂಡಿಗಳನ್ನು ಅವರೇ ಮನಸ್ಸಿನಲ್ಲಿ ಸೇರಿಸಿಕೊಳ್ತಾರೆ. ಗೆಳತಿ ಹೊಸಬರು ಮೂರು ಜನರನ್ನು ಕೂರಿಸಿದಳು. ಐದನೇ ನಿಮಿಷಕ್ಕೆ ನಿಲ್ಲಿಸಿ, ‘ಮುಂದೆ ಏನು ಬರುತ್ತೆ ಅಂತ ಅನ್ನಿಸುತ್ತೆ’ ಅಂತ ಕೇಳಿದಳು. ಮೂವರೂ ಪದಗಳನ್ನು ಹಾಗೆ ವಿಂಗಡಿಸಿ ತೋರಿಸಬಹುದು ಅಂದರು. ಕೊನೆಯ ಚೀಟಿಗಳಲ್ಲಿ ಇಬ್ಬರದು ಹೆಚ್ಚುಕಡಿಮೆ ಒಂದೇ ವಾಕ್ಯ. ಮೂರನೆಯವರು ಮಾತ್ರ ‘ಬಡಗ ಪ್ರತ್ಯೇಕ ಭಾಷೆ ಎಂದು ಸಾಧಿಸುತ್ತದೆ’ ಅಂತ ಬರೆದಿದ್ದರು. ಅದು ಅವಳ ಮುಕ್ತಾಯ ಅಲ್ಲ. ಆಗ ಮುಕ್ತಾಯದಲ್ಲಿ ‘ಇದು ಉಪಭಾಷೆಯ ಪ್ರಶ್ನೆಗೆ ಉತ್ತರವಲ್ಲ’ ಅಂತ ಸ್ಪಷ್ಟವಾಗಿ ಒಂದು ವಾಕ್ಯ ಬಂತು. ಈ ಸಲ ಒಂದು ಸಾಲು ಸೇರಿಸಿದ್ದು ಸರಿಯಾದ ಪರಿಹಾರ ಆಗಿತ್ತು, ಯಾಕಂದ್ರೆ ಆ ಸಾಲಿಗೆ ಬೇಕಾದದ್ದೆಲ್ಲ ಅದಕ್ಕೆ ಮುಂಚೆಯೇ ಬಂದಿತ್ತು.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.

ಪ್ರಶ್ನೋತ್ತರ

ಸಹಪಾಠಿಯೊಬ್ಬರು: ತಾಲೀಮು ಸಾಮಾನ್ಯವಾಗಿ ಹಿಂದಿನ ರಾತ್ರಿ ನಡೆಯೋದು. ಇಷ್ಟೆಲ್ಲ ಮಾಡೋಕೆ ಸಮಯ ಎಲ್ಲಿದೆ?

ಉತ್ತರ: ಹಿಂದಿನ ರಾತ್ರಿ ಆದ್ರೆ ಇಷ್ಟೆಲ್ಲ ಆಗಲ್ಲ, ಮಾಡೋಕೆ ಹೋಗಲೂಬಾರದು. ಅರ್ಧ ಸರಿಸಿದ ಪ್ರಬಂಧ ಹಳೆಯ ಪ್ರಬಂಧಕ್ಕಿಂತ ಕೆಟ್ಟದಾಗಿರುತ್ತೆ. ಮೇಲಿನ ಕೆಲಸಕ್ಕೆ ಎರಡು ತಾಲೀಮಿನ ನಡುವೆ ಒಂದು ವಾರ ಬೇಕಾಯಿತು. ಒಂದೇ ರಾತ್ರಿ ಇದ್ದರೆ ಒಂದೇ ಬದಲಾವಣೆ ಮಾಡಿ: ಪರಿಚಯದ ನಿಮಿಷಗಳನ್ನು ತೆಗೆದು, ನಿಮ್ಮ ಅತಿ ಗಟ್ಟಿಯಾದ ಒಂದು ಉದಾಹರಣೆ ಮತ್ತು ಪ್ರಶ್ನೆಯನ್ನು ಮೊದಲ ಎರಡು ನಿಮಿಷಕ್ಕೆ ತನ್ನಿ. ಉಳಿದದ್ದು ಹಾಗೇ ಇರಲಿ. ಕೇಳುಗರಿಗೆ ಕೊನೇಪಕ್ಷ ಏನನ್ನು ಕಾಯಬೇಕು ಅಂತ ತಿಳಿದಿರುತ್ತೆ.

ಅಧ್ಯಾಪಕರೊಬ್ಬರು: ರಚನೆಯನ್ನು ಮಾರ್ಗದರ್ಶಕರು ಆಗಲೇ ಒಪ್ಪಿರುತ್ತಾರೆ. ಗೆಳೆಯರ ಮಾತು ಕೇಳಿ ಅದನ್ನು ಬದಲಿಸುವುದು ಎಷ್ಟು ಸರಿ?

ಉತ್ತರ: ಸರ್, ಮಾರ್ಗದರ್ಶಕರು ಓದಿ ಒಪ್ಪಿರ್ತಾರೆ. ಓದುವಾಗ ಪುಟ ಹಿಂದೆ ತಿರುಗಿಸಬಹುದು, ಕೇಳುವಾಗ ಆಗಲ್ಲ. ಹದಿನೇಳನೇ ನಿಮಿಷದ ಪಟ್ಟಿ ಬರಹದಲ್ಲಿ ತೊಂದರೆ ಕೊಡದೇ ಇರಬಹುದು. ಹಾಗಾಗಿ ‘ರಚನೆ ಬದಲಿಸಲಾ’ ಅಂತ ಬರಿಗೈಲಿ ಹೋಗಿ ಕೇಳೋ ಬದಲು, ನಿಮಿಷಗಳ ಜೊತೆ ಬರೆದ ಪ್ರತಿಕ್ರಿಯೆ, ಐದು ಚೀಟಿ ಮತ್ತು ಹಿಮ್ಮುಖ ರೂಪರೇಖೆ ಈ ಮೂರನ್ನೂ ತೋರಿಸಬೇಕು. ಗೆಳತಿ ಹಾಗೇ ಮಾಡಿದಳು. ಅವಳ ಮಾರ್ಗದರ್ಶಕರು ಓದುವ ಪ್ರತಿಯಲ್ಲಿ ಪೂರ್ವಾಧ್ಯಯನ ಮೊದಲಿನ ಜಾಗದಲ್ಲೇ ಇರಲಿ, ಮಂಡಿಸುವಾಗ ಹೊಸ ಕ್ರಮ ಇರಲಿ ಅಂದರು. ಪ್ರಶ್ನೆ ಬದಲಾದದ್ದನ್ನು ಮಾತ್ರ ಎರಡರಲ್ಲೂ ಉಳಿಸಿಕೊಳ್ಳೋಕೆ ಹೇಳಿದರು, ಯಾಕಂದ್ರೆ ಅದು ಕೇಳುಗರ ಅನುಕೂಲದ ಮಾತಾಗಿರಲಿಲ್ಲ, ಸಾಕ್ಷಿಯ ಮಾತಾಗಿತ್ತು.